ಬ್ಲಡ್ ಅಗರ್ ಮೇಲೆ ಸ್ಟ್ರೆಪ್ಟೊಕಾಕಸ್: ಹೀಮೊಲಿಸಿಸ್ ಓದುವ ಬಗೆ, ಗಂಟಲಿನ ಸ್ವಾಬ್‌ನಿಂದ ರಿಪೋರ್ಟ್‌ವರೆಗೆ

ಹೊಸದಾಗಿ ಕಲ್ಚರ್ ಸೆಕ್ಷನ್ನಿಗೆ ಬಂದವರು ಪ್ಲೇಟ್ ಹಿಡಿದುಕೊಂಡು ಬಂದು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: "ಮೇಡಂ, ಇದು ಬೀಟಾನಾ, ಆಲ್ಫಾನಾ?" ಪ್ಲೇಟನ್ನು ಮೇಜಿನ ಮೇಲಿಟ್ಟು, ಮೇಲಿನಿಂದ ಬಗ್ಗಿ ನೋಡಿಯೇ ಕೇಳಿರುತ್ತಾರೆ. ನಾನು ಪ್ಲೇಟನ್ನು ಎತ್ತಿ, ಮುಚ್ಚಳ ತೆಗೆದು, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ಅವರ ಕೈಗೆ ಕೊಡುತ್ತೇನೆ. ಅರ್ಧ ಪಾಲು ಸಂಶಯ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧ ಬಗೆಹರಿಯಬೇಕಾದರೆ ಆ ಪ್ಲೇಟ್ ಹೇಗೆ ತಯಾರಾಯಿತು, ಬ್ಯಾಕ್ಟೀರಿಯಾ ಯಾವ ಗಾಳಿಯಲ್ಲಿ ಬೆಳೆಯಿತು ಎಂಬುದನ್ನು ತಿಳಿಯಬೇಕು. ಹೀಮೊಲಿಸಿಸ್ ಬ್ಯಾಕ್ಟೀರಿಯಾದ ಹಣೆಯ ಮೇಲೆ ಬರೆದ ಗುರುತಲ್ಲ. ಬ್ಯಾಕ್ಟೀರಿಯಾ, ರಕ್ತ, ಅಗರ್, ಗಾಳಿ ಈ ನಾಲ್ಕೂ ಸೇರಿ ತೋರಿಸುವ ಫಲ ಅದು. ಒಂದು ಕೆಟ್ಟರೂ ಓದು ತಪ್ಪುತ್ತದೆ.

ಇಲ್ಲಿ ನಾನು ಮುಖ್ಯವಾಗಿ ಗಂಟಲಿನ ಸ್ವಾಬ್ ಒಂದನ್ನೇ ಹಿಡಿದು ಹೋಗುತ್ತೇನೆ. ಅದರಲ್ಲಿ ಹುಡುಕುವುದು ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್, ಅಂದರೆ ಗ್ರೂಪ್ ಎ. ಮಕ್ಕಳ ಗಂಟಲುನೋವಿನ ಹಿಂದೆ ರುಮ್ಯಾಟಿಕ್ ಜ್ವರದ ಭಯ ಇರುವುದು ಈ ಒಂದು ಬ್ಯಾಕ್ಟೀರಿಯಾದಿಂದ. ಆದ್ದರಿಂದ ಇದನ್ನು ಬಿಟ್ಟುಬಿಡುವುದೂ ತಪ್ಪು, ಬೇರೆ ಯಾವುದನ್ನೋ ಇದೆಂದು ಬರೆಯುವುದೂ ತಪ್ಪು.

ಮೂರು ಹೆಸರು, ಮೂರು ಕಾರಣ

ಆಲ್ಫಾ, ಬೀಟಾ, ಗಾಮಾ ಎಂಬ ಹೆಸರುಗಳನ್ನು ಬಳಕೆಗೆ ತಂದವರು ಜೇಮ್ಸ್ ಹೊವಾರ್ಡ್ ಬ್ರೌನ್, 1919ರಲ್ಲಿ. ಅದಕ್ಕೂ ಮೊದಲು, 1903ರಲ್ಲಿ, ಜರ್ಮನಿಯ ಹ್ಯೂಗೊ ಶಾಟ್‌ಮ್ಯೂಲರ್ ರಕ್ತ ಬೆರೆಸಿದ ಅಗರ್ ಮೇಲೆ ಸ್ಟ್ರೆಪ್ಟೊಕಾಕಸ್‌ಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದೆಂದು ತೋರಿಸಿದ್ದರು. ಹೆಸರು ಹಳೆಯದು, ಆದರೆ ಒಂದೊಂದರ ಹಿಂದೆ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಕಣ್ಣು ತಾನಾಗಿಯೇ ಸರಿಯಾದುದನ್ನು ಹುಡುಕುತ್ತದೆ.

ಬೀಟಾದಲ್ಲಿ ಕೆಂಪು ರಕ್ತಕಣಗಳು ಪೂರ್ತಿ ಒಡೆದುಹೋಗುತ್ತವೆ. ಕಾಲನಿಯ ಸುತ್ತ ಅಗರ್ ತಿಳಿಯಾಗುತ್ತದೆ, ಪ್ಲೇಟಿನ ಹಿಂದೆ ಅಚ್ಚಾದ ಕಾಗದ ಹಿಡಿದರೆ ಆ ಭಾಗದ ಮೂಲಕ ಅಕ್ಷರ ಓದಬಹುದು. ಪಯೋಜೆನಿಸ್ ಇದನ್ನು ಎರಡು ವಿಷಗಳಿಂದ ಮಾಡುತ್ತದೆ. ಸ್ಟ್ರೆಪ್ಟೊಲೈಸಿನ್ ಎಸ್ ಎಂಬುದಕ್ಕೆ ಆಮ್ಲಜನಕದ ಹೆದರಿಕೆಯಿಲ್ಲ, ಹಾಗಾಗಿ ಅಗರ್‌ನ ಮೇಲ್ಮೈಯಲ್ಲಿ ನಮಗೆ ಕಾಣುವ ತಿಳಿ ವಲಯ ಅದರದ್ದು. ಸ್ಟ್ರೆಪ್ಟೊಲೈಸಿನ್ ಓ ಆಮ್ಲಜನಕ ತಗುಲಿದರೆ ಕೆಲಸ ನಿಲ್ಲಿಸುತ್ತದೆ, ಗಾಳಿ ಕಡಿಮೆ ಇರುವ ಆಳದಲ್ಲಿ ಮಾತ್ರ ತನ್ನ ಬಲ ತೋರಿಸುತ್ತದೆ. ರಕ್ತಪರೀಕ್ಷೆಯಲ್ಲಿ ಎಎಸ್ಓ ಟೈಟರ್ ಎಂದು ಅಳೆಯುವುದು ಈ ಎರಡನೆಯದರ ವಿರುದ್ಧ ನಮ್ಮ ಮೈ ತಯಾರಿಸಿದ ಪ್ರತಿಕಾಯವನ್ನು. ಈ ಎರಡು ವಿಷಗಳ ವ್ಯತ್ಯಾಸ ನೆನಪಿರಲಿ, ಮುಂದೆ ಲೂಪಿನಿಂದ ಅಗರನ್ನು ಚುಚ್ಚುವಾಗ ಬೇಕಾಗುತ್ತದೆ.

ಆಲ್ಫಾವನ್ನು 'ಅರ್ಧ ಒಡೆಯುವುದು' ಎಂದು ಕಲಿಸುತ್ತಾರೆ. ಆ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಇಲ್ಲಿ ಬ್ಯಾಕ್ಟೀರಿಯಾ ಹೊರಬಿಡುವ ಹೈಡ್ರೋಜನ್ ಪೆರಾಕ್ಸೈಡ್ ರಕ್ತಕಣದೊಳಗಿನ ಹಿಮೊಗ್ಲೋಬಿನ್ನಿನ ಬಣ್ಣವನ್ನೇ ಕೆಡಿಸುತ್ತದೆ. ಕಣಗಳ ಗೋಡೆ ಬಹುಮಟ್ಟಿಗೆ ಉಳಿದಿರುತ್ತದೆ. ಅದಕ್ಕೇ ವಲಯ ತಿಳಿಯಾಗದೆ, ಹಸಿರು ಬೆರೆತ ಕಂದಾಗಿ ಕಾಣುತ್ತದೆ. ನ್ಯೂಮೊಕಾಕಸ್ ಮತ್ತು ಬಾಯಿ-ಗಂಟಲಲ್ಲಿ ಸದಾ ಇರುವ ವಿರಿಡಾನ್ಸ್ ಗುಂಪಿನವು ಹೀಗೆ. ಪೆರಾಕ್ಸೈಡ್ ಹುಟ್ಟಲು ಆಮ್ಲಜನಕ ಬೇಕು. ಅದೇ ನ್ಯೂಮೊಕಾಕಸನ್ನು ಗಾಳಿಯಿಲ್ಲದ ಜಾರಿನಲ್ಲಿ ಬೆಳೆಸಿದರೆ ಹಸಿರು ಮಾಯವಾಗಿ ಬೀಟಾದಂಥ ವಲಯ ಬರಬಹುದು. ಪ್ಲೇಟ್ ಯಾವ ಗಾಳಿಯಲ್ಲಿತ್ತು ಎಂದು ಮೊದಲು ಕೇಳಬೇಕಾದದ್ದು ಇದಕ್ಕೇ.

ಗಾಮಾ ಎಂದರೆ ಏನೂ ಆಗಿಲ್ಲ ಎಂದರ್ಥ. ಒಡೆಯದಿರುವುದಕ್ಕೂ ಒಂದು ಬಗೆಯ ಹೀಮೊಲಿಸಿಸ್ ಎಂದು ಹೆಸರಿಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಾನ್-ಹೀಮೊಲಿಟಿಕ್ ಎಂದು ನೇರವಾಗಿ ಬರೆಯಿರಿ.

ಪ್ಲೇಟ್ ತಯಾರಿ

ಹನ್ನೊಂದು ಪ್ಲೇಟಿಗೆ ಸಾಲುವಷ್ಟು ಲೆಕ್ಕ ಹೇಳುತ್ತೇನೆ. 190 ಮಿ.ಲೀ. ನೀರಿಗೆ 7.6 ಗ್ರಾಂ ಟ್ರಿಪ್ಟಿಕ್ ಸೋಯ್ ಅಗರ್ ಪುಡಿ, ಅಂದರೆ ಲೀಟರಿಗೆ 40 ಗ್ರಾಂನಂತೆ. ಕುದಿಸಿ ಕರಗಿಸಿ, 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ, 45ರಿಂದ 50 ಡಿಗ್ರಿಗೆ ಇಳಿಯುವವರೆಗೆ ವಾಟರ್ ಬಾತಿನಲ್ಲಿಡಿ. ಫೈಬ್ರಿನ್ ತೆಗೆದ ಕುರಿಯ ರಕ್ತ 10 ಮಿ.ಲೀ.ಯನ್ನು ಫ್ರಿಜ್ಜಿನಿಂದ ಮೊದಲೇ ಹೊರತೆಗೆದು ತಣುಪು ಬಿಡಿಸಿಟ್ಟುಕೊಂಡಿರಿ. ಅದನ್ನು ಫ್ಲಾಸ್ಕಿನ ಗೋಡೆಯ ಪಕ್ಕದಲ್ಲಿ ಇಳಿಬಿಟ್ಟು, ನೊರೆ ಏಳದಂತೆ ಫ್ಲಾಸ್ಕನ್ನು ಮೆಲ್ಲಗೆ ಸುತ್ತಿಸಿ ಬೆರೆಸಿ. 90 ಮಿ.ಮೀ. ಪ್ಲೇಟಿಗೆ 18 ಮಿ.ಲೀ.ಯಂತೆ ಸುರಿಯಿರಿ.

ಅಗರ್ ಬಿಸಿಯಿರುವಾಗಲೇ ರಕ್ತ ಹಾಕಿದರೆ ಕಣಗಳು ಒಡೆದು ಮಾಧ್ಯಮ ಕಂದಾಗುತ್ತದೆ, ಅದರ ಮೇಲೆ ಹೀಮೊಲಿಸಿಸ್ ಓದಲಾಗದು. ಫ್ಲಾಸ್ಕನ್ನು ಕೈಯಲ್ಲಿ ಹಿಡಿದರೆ ಬಿಸಿ ತಡೆದುಕೊಳ್ಳುವಂತಿರಬೇಕು, ಆದರೆ ಗೋಡೆಯಲ್ಲಿ ಅಗರ್ ಗಟ್ಟಿಯಾಗಲು ಶುರುವಾಗಿರಬಾರದು. ಪ್ಲೇಟ್ ತೀರಾ ದಪ್ಪವಾದರೆ ಇನ್ನೊಂದು ತೊಂದರೆ: ಮೇಲಿನ ಪದರ ತಿಳಿಯಾದರೂ ಕೆಳಗಿನ ರಕ್ತ ಉಳಿದು, ನಿಜವಾದ ಬೀಟಾ ಮಬ್ಬಾಗಿ ಕಾಣುತ್ತದೆ. ತೆಳುವಾದರೆ ಒಂದೇ ರಾತ್ರಿಯಲ್ಲಿ ಒಣಗುತ್ತದೆ.

ಸಕ್ಕರೆಯ ವಿಷಯದಲ್ಲಿ ನನಗೆ ಆದ ಪಾಠ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ಲ್ಯಾಬಿನಲ್ಲಿ ಒಮ್ಮೆ ಟ್ರಿಪ್ಟಿಕ್ ಸೋಯ್ ಅಗರ್ ಮುಗಿದುಹೋಗಿತ್ತು. ಪಕ್ಕದಲ್ಲೇ ಟ್ರಿಪ್ಟಿಕ್ ಸೋಯ್ ಬ್ರಾತ್ ಪುಡಿಯ ಡಬ್ಬಿಯಿತ್ತು, ಬರೀ ಅಗರ್ ಪುಡಿಯೂ ಇತ್ತು. ಎರಡನ್ನೂ ಬೆರೆಸಿದರೆ ಅದೇ ಆಯಿತಲ್ಲ ಎಂದುಕೊಂಡು ಪ್ಲೇಟ್ ಹಾಕಿದೆ. ಮರುದಿನದಿಂದ ಗಂಟಲಿನ ಸ್ವಾಬ್‌ಗಳಲ್ಲಿ ಬೀಟಾ ಬರುವುದೇ ನಿಂತುಹೋಯಿತು. ಎಲ್ಲವೂ ಕಿರಿದಾದ, ಹಸಿರು ಛಾಯೆಯ ವಲಯಗಳು. ನಾಲ್ಕನೆಯ ದಿನ ಕಂಟ್ರೋಲ್ ಸ್ಟ್ರೇನ್ ಹಾಕಿ ನೋಡಿದಾಗ, ಪಯೋಜೆನಿಸ್ ಎಂದು ಗೊತ್ತಿದ್ದ ಅದೂ ಹಾಗೇ ಕಂಡಿತು. ಆಗ ಬ್ರಾತ್ ಡಬ್ಬಿಯ ಲೇಬಲ್ ಓದಿದೆ: ಲೀಟರಿಗೆ 2.5 ಗ್ರಾಂ ಗ್ಲೂಕೋಸ್. ಅಗರ್ ಡಬ್ಬಿಯ ಲೇಬಲ್ಲಿನಲ್ಲಿ ಗ್ಲೂಕೋಸ್ ಇರಲಿಲ್ಲ. ಸಕ್ಕರೆ ಸಿಕ್ಕರೆ ಸ್ಟ್ರೆಪ್ಟೊಕಾಕಸ್ ಅದನ್ನು ಹುಳಿ ಮಾಡುತ್ತದೆ, ಆ ಹುಳಿಯಲ್ಲಿ ಬೀಟಾ ಸರಿಯಾಗಿ ಮೂಡದೆ ಆಲ್ಫಾದಂತೆ ಹಸಿರಾಗುತ್ತದೆ. ಆ ನಾಲ್ಕು ದಿನದ ಸ್ವಾಬ್‌ಗಳನ್ನೆಲ್ಲ ಮತ್ತೆ ತರಿಸಿಕೊಳ್ಳಬೇಕಾಯಿತು. ಹೊಸ ಬ್ಯಾಚ್ ಹಾಕಿದ ದಿನವೇ ಎಟಿಸಿಸಿ 19615 ಪಯೋಜೆನಿಸ್ ಒಂದು ಪ್ಲೇಟಿಗೆ, ನ್ಯೂಮೊಕಾಕಸ್ ಇನ್ನೊಂದಕ್ಕೆ, ಏನೂ ಹಾಕದ ಮೂರನೆಯದು ಹಾಗೆಯೇ ಇನ್ಕ್ಯುಬೇಟರಿಗೆ ಎಂಬುದನ್ನು ಅಂದಿನಿಂದ ತಪ್ಪಿಸಿಲ್ಲ.

ರಕ್ತ ಕುರಿಯದ್ದೇ ಏಕೆ ಎಂದು ಕೇಳುವವರಿದ್ದಾರೆ. ಅನೇಕ ಕಡೆ ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮೀರಿದ ಮನುಷ್ಯರ ರಕ್ತದ ಚೀಲವೇ ಸುಲಭವಾಗಿ ಸಿಗುವುದರಿಂದ ಅದನ್ನೇ ಬಳಸುತ್ತಾರೆ. ಅದರಲ್ಲಿ ಸಿಟ್ರೇಟ್ ಇರುತ್ತದೆ. ದಾನಿಗೆ ಹಿಂದೆ ಎಂದೋ ಸ್ಟ್ರೆಪ್ಟೊಕಾಕಸ್ ತಗುಲಿದ್ದರೆ ಸ್ಟ್ರೆಪ್ಟೊಲೈಸಿನ್ ಓ ವಿರುದ್ಧದ ಪ್ರತಿಕಾಯ ಇರುತ್ತದೆ, ಮಾತ್ರೆ ನುಂಗಿದ್ದರೆ ಆ್ಯಂಟಿಬಯೋಟಿಕ್ ಕೂಡ ಇರಬಹುದು. ಹೀಮೊಲಿಸಿಸ್ ಕ್ಷೀಣಿಸುವುದು ಒಂದು ತೊಂದರೆಯಾದರೆ, ತದ್ವಿರುದ್ಧದ ತೊಂದರೆಯೂ ಉಂಟು: ಕುರಿಯ ರಕ್ತದಲ್ಲಿ ಸುಮ್ಮನಿರುವ ಕೆಲವು ಎಂಟರೊಕಾಕಸ್‌ಗಳು ಮನುಷ್ಯರ ಅಥವಾ ಕುದುರೆಯ ರಕ್ತದಲ್ಲಿ ಬೀಟಾ ತೋರಿಸುತ್ತವೆ. ಕುರಿಯ ರಕ್ತಕ್ಕೆ ಇನ್ನೂ ಒಂದು ಗುಣವಿದೆ. ಗಂಟಲಿನಲ್ಲಿರುವ ಹೀಮೊಫಿಲಸ್ ಹೀಮೊಲಿಟಿಕಸ್ ಕುದುರೆಯ ರಕ್ತದ ಮೇಲೆ ಬೆಳೆದು ಥೇಟ್ ಬೀಟಾ ಸ್ಟ್ರೆಪ್ಟೊಕಾಕಸ್‌ನಂತೆ ಕಾಣುತ್ತದೆ, ಕುರಿಯ ರಕ್ತದ ಮೇಲೆ ಅದು ಏಳುವುದೇ ಇಲ್ಲ. ಗಂಟಲಿನ ಸ್ವಾಬಿಗೆ ಕುರಿಯ ರಕ್ತವನ್ನು ಬಿಟ್ಟು ಬೇರೆಯದನ್ನು ನಾನು ಒಪ್ಪುವುದಿಲ್ಲ.

ಗೆರೆ ಎಳೆಯುವುದು, ಚುಚ್ಚುವುದು

ಸ್ವಾಬನ್ನು ಪ್ಲೇಟಿನ ಕಾಲು ಭಾಗದಲ್ಲಿ ಹೊರಳಿಸಿ ತಿಕ್ಕಿ. ಲೂಪನ್ನು ಕೆಂಪಗೆ ಕಾಯಿಸಿ ಆರಿಸಿ, ಅಲ್ಲಿಂದ ಎರಡನೆಯ ಭಾಗಕ್ಕೆ, ಮತ್ತೆ ಕಾಯಿಸಿ ಮೂರನೆಯದಕ್ಕೆ ಗೆರೆ ಎಳೆಯಿರಿ. ಬಿಡಿ ಕಾಲನಿ ಸಿಗದಿದ್ದರೆ ಹೀಮೊಲಿಸಿಸ್ ಓದುವ ಮಾತೇ ಇಲ್ಲ. ಒತ್ತಾಗಿ ಬೆಳೆದ ಜಾಗದಲ್ಲಿ ಒಂದರ ವಲಯ ಇನ್ನೊಂದರ ಮೇಲೆ ಬಿದ್ದು ಎಲ್ಲವೂ ಬೀಟಾ ಎನಿಸುತ್ತದೆ.

ಗೆರೆ ಮುಗಿದ ಮೇಲೆ ಅದೇ ಲೂಪನ್ನು ಕಾಯಿಸದೆ, ಒತ್ತು ಭಾಗದಲ್ಲಿ ಎರಡು ಮೂರು ಕಡೆ ಮತ್ತು ಇನ್ನೂ ಗೆರೆ ಬೀಳದ ಜಾಗದಲ್ಲಿ ಎರಡು ಮೂರು ಕಡೆ ಅಗರ್‌ನೊಳಕ್ಕೆ ನೇರವಾಗಿ ಚುಚ್ಚಿ ತೆಗೆಯಿರಿ. ಸೀಳಬೇಡಿ, ಚುಚ್ಚಿ. ಲೂಪಿನೊಂದಿಗೆ ಒಳಗಿಳಿದ ಬ್ಯಾಕ್ಟೀರಿಯಾ ಆಮ್ಲಜನಕ ಕಡಿಮೆ ಇರುವಲ್ಲಿ ಬೆಳೆಯುತ್ತದೆ, ಅಲ್ಲಿ ಸ್ಟ್ರೆಪ್ಟೊಲೈಸಿನ್ ಓ ಕೆಲಸ ಮಾಡುತ್ತದೆ. ಅಪರೂಪಕ್ಕೆ ಸ್ಟ್ರೆಪ್ಟೊಲೈಸಿನ್ ಎಸ್ ಇಲ್ಲದ ಪಯೋಜೆನಿಸ್ ತಳಿಗಳು ಸಿಗುತ್ತವೆ. ಅವು ಮೇಲ್ಮೈಯಲ್ಲಿ ನಾನ್-ಹೀಮೊಲಿಟಿಕ್‌ನಂತೆ ಕಂಡು, ಈ ಚುಚ್ಚಿದ ಗುರುತಿನ ಸುತ್ತ ಮಾತ್ರ ತಿಳಿಯಾಗುತ್ತವೆ. ಹತ್ತು ಸೆಕೆಂಡಿನ ಕೆಲಸ, ಆದರೂ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ.

35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ ಇಡಿ. ಚುಚ್ಚುವ ಅಭ್ಯಾಸವಿದ್ದರೆ ಗಂಟಲಿನ ಸ್ವಾಬಿಗೆ ಮಾಮೂಲಿ ಗಾಳಿ ಸಾಕು. 5 ಶೇಕಡಾ ಇಂಗಾಲದ ಡೈಆಕ್ಸೈಡ್ ಅಥವಾ ಕ್ಯಾಂಡಲ್ ಜಾರ್‌ನಲ್ಲಿಟ್ಟರೆ ಬೆಳವಣಿಗೆ ಚೆನ್ನಾಗಿರುತ್ತದೆ, ಆದರೆ ಗಂಟಲಿನ ಮಾಮೂಲಿ ಬ್ಯಾಕ್ಟೀರಿಯಾಗಳೂ ಅಷ್ಟೇ ಚೆನ್ನಾಗಿ ಬೆಳೆದು ಮುಖ್ಯವಾದುದನ್ನು ಮುಚ್ಚಬಹುದು. ಮೊದಲ ದಿನ ಬೀಟಾ ಕಾಣದಿದ್ದರೆ ಪ್ಲೇಟನ್ನು ಇನ್ನೊಂದು ರಾತ್ರಿ ಇಟ್ಟು, 48 ಗಂಟೆಗೆ ಮತ್ತೆ ನೋಡಿಯೇ ನೆಗೆಟಿವ್ ಬರೆಯಿರಿ.

ಓದುವುದು

ಮುಚ್ಚಳ ತೆಗೆದು, ಪ್ಲೇಟನ್ನು ಬೆಳಕಿಗೆ ಎದುರಾಗಿ ಹಿಡಿದು, ಹಿಂದಿನಿಂದ ಬರುವ ಬೆಳಕಿನಲ್ಲಿ ನೋಡಿ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಹಸಿರೂ ತಿಳಿಯೂ ಒಂದೇ ಥರ ಕಾಣುವ ಸಂದರ್ಭಗಳುಂಟು. ವಲಯ ಸಣ್ಣದಿದ್ದು ಕಾಲನಿಯ ಅಡಿಯಲ್ಲೇ ಅಡಗಿದೆ ಎನಿಸಿದರೆ, ಲೂಪಿನಿಂದ ಆ ಕಾಲನಿಯನ್ನು ಪಕ್ಕಕ್ಕೆ ಸರಿಸಿ ಅದು ಕೂತಿದ್ದ ಜಾಗ ನೋಡಿ. ಗ್ರೂಪ್ ಬಿ, ಅಂದರೆ ಅಗಲಾಕ್ಟಿಯೆ, ಹೀಗೆಯೇ ಸಿಗುವುದು: ಕಾಲನಿ ದೊಡ್ಡದು, ಬೂದು ಬಣ್ಣ, ವಲಯ ಮಾತ್ರ ಕಾಲನಿಗಿಂತ ಕೊಂಚವೇ ಹೊರಗೆ ಬಂದ ಮಂಜಿನಂಥದ್ದು. ಪಯೋಜೆನಿಸ್‌ನದು ಇದರ ತಲೆಕೆಳಗು. ಕಾಲನಿ ಗುಂಡುಸೂಜಿಯ ತಲೆಗಿಂತ ಚಿಕ್ಕದು, ವಲಯ ಅದರ ಎರಡರಿಂದ ನಾಲ್ಕು ಪಟ್ಟು ಅಗಲ, ಅಂಚು ಸ್ಪಷ್ಟ.

ಇನ್ನೂ ಅನುಮಾನ ಉಳಿದರೆ ಪ್ಲೇಟನ್ನು ಮೈಕ್ರೋಸ್ಕೋಪಿನ ಸ್ಟೇಜ್ ಮೇಲಿಟ್ಟು 10ರ ಆಬ್ಜೆಕ್ಟಿವ್‌ನಲ್ಲಿ ಕಾಲನಿಯ ಅಂಚನ್ನು ಫೋಕಸ್ ಮಾಡಿ. ಬೀಟಾ ಆಗಿದ್ದರೆ ವಲಯದಲ್ಲಿ ರಕ್ತಕಣಗಳೇ ಕಾಣವು, ಬಯಲು. ಆಲ್ಫಾ ಆಗಿದ್ದರೆ ಕಣಗಳು ಇನ್ನೂ ಕೂತಿರುತ್ತವೆ. ಆಲ್ಫಾ-ಪ್ರೈಮ್ ಎಂಬ ಮೋಸಗಾರ ಸಿಕ್ಕಿಬೀಳುವುದು ಇಲ್ಲಿಯೇ: ಕಾಲನಿಗೆ ಅಂಟಿಕೊಂಡಂತೆ ಒಡೆಯದ ಕಣಗಳ ಕಿರಿದಾದ ಉಂಗುರ, ಅದರಾಚೆ ತಿಳಿ ವಲಯ. ಬರಿಗಣ್ಣಿಗೆ ಅದು ಬೀಟಾ. ವಿರಿಡಾನ್ಸ್ ಗುಂಪಿನ ಕೆಲವು ಹೀಗೆ ಮಾಡುತ್ತವೆ.

ಒಂದೇ ದಿನದ ಎರಡು ಪ್ಲೇಟ್

ಪಾಠಕ್ಕೆಂದು ನಾನು ಮತ್ತೆ ಮತ್ತೆ ಹೇಳುವ ಜೋಡಿ ಇದು. ಒಂದು, ಒಂಬತ್ತು ವರ್ಷದ ಹುಡುಗಿಯದು: ಜ್ವರ, ನುಂಗಲಾಗದ ಗಂಟಲುನೋವು, ಕೆಮ್ಮಿಲ್ಲ, ಕುತ್ತಿಗೆಯ ಗಂಟು ಊದಿದೆ. ಇನ್ನೊಂದು, ಇಪ್ಪತ್ತೆರಡರ ಹುಡುಗನದು, ಅವನಿಗೂ ಗಂಟಲುನೋವು. ಎರಡೂ ಪ್ಲೇಟುಗಳಲ್ಲಿ ಹಸಿರು ವಲಯದ ವಿರಿಡಾನ್ಸ್ ಕಾಲನಿಗಳ ನಡುವೆ ಅಗಲವಾದ ತಿಳಿ ವಲಯದ ಸಣ್ಣ ಕಾಲನಿಗಳು. ಚುಚ್ಚಿದ ಗುರುತುಗಳ ಸುತ್ತಲೂ ತಿಳಿ. ಗ್ರಾಂ ಸ್ಟೇನ್‌ನಲ್ಲಿ ಎರಡೂ ನೇರಳೆ ಬಣ್ಣದ ಸರಪಳಿ.

ಮೊದಲು ಕ್ಯಾಟಲೇಸ್. ಸ್ಲೈಡಿನ ಮೇಲೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಹನಿ, ಅದಕ್ಕೆ ಕಾಲನಿ. ಗುಳ್ಳೆ ಬಂದರೆ ಸ್ಟ್ರೆಪ್ಟೊಕಾಕಸ್ ಅಲ್ಲ. ಕಾಲನಿಯನ್ನು ಮೇಲಿನಿಂದ ಮಾತ್ರ ಎತ್ತಿ, ಅಗರ್ ಕೆದಕಬೇಡಿ. ರಕ್ತಕಣಗಳಲ್ಲೇ ಕ್ಯಾಟಲೇಸ್ ಇರುವುದರಿಂದ ಒಂದು ಚೂರು ಅಗರ್ ಬಂದರೂ ಗುಳ್ಳೆ ಏಳುತ್ತದೆ. ಈ ಪರೀಕ್ಷೆಯನ್ನು ಬಿಟ್ಟರೆ ಲಿಸ್ಟೀರಿಯಾ ಗ್ರೂಪ್ ಬಿ ಎಂದು ರಿಪೋರ್ಟಾಗುವ ಅಪಾಯವಿದೆ. ಅದರ ಕಾಲನಿಯೂ ಕಿರಿದಾದ ಬೀಟಾ ವಲಯವೂ ಅಷ್ಟು ಹೋಲುತ್ತವೆ. ನಮ್ಮ ಎರಡೂ ಪ್ಲೇಟುಗಳಲ್ಲಿ ಗುಳ್ಳೆ ಬರಲಿಲ್ಲ.

ಬಿಡಿ ಕಾಲನಿಯಿಂದ ಹೊಸ ಬ್ಲಡ್ ಅಗರಿಗೆ ಶುದ್ಧ ಬೆಳೆ ಹಾಕಿ, 0.04 ಯೂನಿಟ್ ಬ್ಯಾಸಿಟ್ರಾಸಿನ್ ಡಿಸ್ಕ್ ಇಟ್ಟೆವು. ಮರುದಿನ ಎರಡರಲ್ಲೂ ಡಿಸ್ಕಿನ ಸುತ್ತ ಬೆಳವಣಿಗೆಯಿಲ್ಲ. ಪುಸ್ತಕದ ಪ್ರಕಾರ ಬೀಟಾ ಮತ್ತು ಬ್ಯಾಸಿಟ್ರಾಸಿನ್ ಸೆನ್ಸಿಟಿವ್, ಆದ್ದರಿಂದ ಎರಡೂ ಗ್ರೂಪ್ ಎ ಎಂದು ಬರೆದು ಮುಗಿಸಬಹುದಿತ್ತು. ಗ್ರೂಪ್ ಸಿ ಮತ್ತು ಜಿ ತಳಿಗಳಲ್ಲಿ ಕೆಲವು ಬ್ಯಾಸಿಟ್ರಾಸಿನ್ನಿಗೆ ಬಗ್ಗುತ್ತವೆ, ಅದಕ್ಕೇ ಗ್ರೂಪ್ ಎ ಆಗಿದ್ದರೆ ಕೆಂಪಾಗುವ ಪಿವೈಆರ್ ಪರೀಕ್ಷೆ ಮಾಡುತ್ತೇವೆ. ಒದ್ದೆ ಮಾಡಿದ ಪಿವೈಆರ್ ಡಿಸ್ಕಿಗೆ ಕಾಲನಿ ತಿಕ್ಕಿ, ಕಿಟ್‌ನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ರಿಯೇಜೆಂಟ್ ಹನಿ ಹಾಕಿದಾಗ, ಹುಡುಗಿಯದು ಒಂದು ನಿಮಿಷದೊಳಗೆ ಗಾಢ ಕೆಂಪಾಯಿತು. ಹುಡುಗನದು ಬಣ್ಣ ತಿರುಗಲಿಲ್ಲ. ಲೇಟೆಕ್ಸ್ ಗ್ರೂಪಿಂಗ್‌ನಲ್ಲಿ ಹುಡುಗಿಯದು ಎ, ಹುಡುಗನದು ಜಿ. ಎರಡನೆಯದು ಡಿಸ್ಗಲಾಕ್ಟಿಯೆಯ ಉಪಜಾತಿ ಈಕ್ವಿಸಿಮಿಲಿಸ್, ಅರ್ಧ ಮಿ.ಮೀ.ಗಿಂತ ದೊಡ್ಡ ಕಾಲನಿಯ ಗ್ರೂಪ್ ಜಿ. ಅದೂ ಗಂಟಲುನೋವು ತರಬಲ್ಲದು, ಆದರೆ ಅದು ಪಯೋಜೆನಿಸ್ ಅಲ್ಲ.

ಲೇಟೆಕ್ಸ್ ಗುರುತಿಸುವುದು 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆಬೆಕಾ ಲಾನ್ಸ್‌ಫೀಲ್ಡ್ ತೋರಿಸಿಕೊಟ್ಟ ಗುಂಪುಗಳನ್ನು, ಕೋಶಗೋಡೆಯ ಸಕ್ಕರೆಯ ಆಧಾರದ ಮೇಲೆ. ಅಲ್ಲಿಯೂ ಎಚ್ಚರ ಬೇಕು. ಕಾಲನಿ ಅರ್ಧ ಮಿ.ಮೀ.ಗಿಂತ ಚಿಕ್ಕದಿದ್ದು ಲೇಟೆಕ್ಸ್ 'ಎ' ಎಂದರೆ ಅದು ಆ್ಯಂಜಿನೋಸಸ್ ಗುಂಪಿನದಾಗಿರಬಹುದು. ಆ ಗುಂಪಿನ ಕೆಲವು ತಳಿಗಳಲ್ಲೂ ಎ ಆಂಟಿಜನ್ ಇದೆ, ಅವು ಪಿವೈಆರ್ ನೆಗೆಟಿವ್. ಪ್ಲೇಟ್ ತೆರೆದಾಗ ಸುಟ್ಟ ಸಕ್ಕರೆಯ ವಾಸನೆ ಹಾಯುವುದೂ ಉಂಟು, ಹಾಗೆಂದು ಪ್ಲೇಟಿಗೆ ಮೂಗು ಹಿಡಿಯಬೇಡಿ.

ಬೀಟಾ ಅಲ್ಲದಿದ್ದರೆ

ಗಂಟಲಿನ ಸ್ವಾಬ್‌ನಲ್ಲಿ ಆಲ್ಫಾ ಕಂಡರೆ ಅಲ್ಲಿಗೇ ಬಿಡಿ, ಅದು ಅಲ್ಲಿಯ ನಿವಾಸಿ. ಕಫ, ಬೆನ್ನುಹುರಿಯ ನೀರು ಅಥವಾ ರಕ್ತದ ಕಲ್ಚರ್‌ನಲ್ಲಿ ಕಂಡರೆ ನ್ಯೂಮೊಕಾಕಸ್ ಹೌದೇ ಅಲ್ಲವೇ ಎಂದು ತಿಳಿಯಲೇಬೇಕು. 5 ಮೈಕ್ರೊಗ್ರಾಂನ 6 ಮಿ.ಮೀ. ಆಪ್ಟೋಚಿನ್ ಡಿಸ್ಕಿಟ್ಟು 5 ಶೇಕಡಾ ಇಂಗಾಲದ ಡೈಆಕ್ಸೈಡಿನಲ್ಲಿ ಬೆಳೆಸಿ, 14 ಮಿ.ಮೀ. ಅಥವಾ ಹೆಚ್ಚು ವಲಯ ಬಂದರೆ ನ್ಯೂಮೊಕಾಕಸ್. ವಲಯ 7ರಿಂದ 13 ಇದ್ದರೆ ಕಾಲನಿಯ ಮೇಲೆ 10 ಶೇಕಡಾ ಸೋಡಿಯಂ ಡಿಯಾಕ್ಸಿಕೋಲೇಟ್ ಹನಿ ಬಿಟ್ಟು ಅರ್ಧ ಗಂಟೆ ಇನ್ಕ್ಯುಬೇಟರಿನಲ್ಲಿಡಿ. ನ್ಯೂಮೊಕಾಕಸ್ ಕರಗಿಹೋಗಿ ಹಸಿರು ಕಲೆಯೊಂದೇ ಉಳಿಯುತ್ತದೆ. ಲಾನ್ಸ್‌ಫೀಲ್ಡ್ ಗುಂಪು ಇಲ್ಲಿ ಉಪಯೋಗಕ್ಕೆ ಬಾರದು, ನ್ಯೂಮೊಕಾಕಸ್ ಆ ಪಟ್ಟಿಯಲ್ಲಿಲ್ಲ.

ಹೀಮೊಲಿಸಿಸ್ ಇಲ್ಲದ್ದು ಸಿಕ್ಕರೆ ಎಂಟರೊಕಾಕಸ್ ಇರಬಹುದೆಂದು ನೋಡಿ. 1984ರಲ್ಲಿ ಸ್ಟ್ರೆಪ್ಟೊಕಾಕಸ್ ಕುಲದಿಂದ ಬೇರೆಯಾದದ್ದು ಅದು, ಪಿವೈಆರ್ ಪಾಸಿಟಿವ್. ಆದರೆ ಗರ್ಭಿಣಿಯರ ಸ್ವಾಬ್ ಆಗಿದ್ದರೆ ಇನ್ನೊಂದು ಮಾತು ನೆನಪಿಡಿ: ಗ್ರೂಪ್ ಬಿಯ ಕೆಲವು ತಳಿಗಳು ಹೀಮೊಲಿಸಿಸ್ ತೋರಿಸುವುದೇ ಇಲ್ಲ. ಬೀಟಾ ಇಲ್ಲವೆಂದು ಅವನ್ನು ಎಸೆದರೆ ಹುಟ್ಟುವ ಮಗುವಿಗೆ ತಗುಲಬಲ್ಲದ್ದನ್ನೇ ಎಸೆದಂತೆ. ಅಲ್ಲಿ ಕ್ಯಾಂಪ್ ಪರೀಕ್ಷೆ ಮಾಡಿ. ಪ್ಲೇಟಿನ ನಡುವೆ ಬೀಟಾ-ಲೈಸಿನ್ ತಯಾರಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಒಂದು ನೇರ ಗೆರೆ, ಅದಕ್ಕೆ ಲಂಬವಾಗಿ, ಎರಡು ಮೂರು ಮಿ.ಮೀ. ಅಂತರ ಬಿಟ್ಟು, ನಿಮ್ಮ ಬ್ಯಾಕ್ಟೀರಿಯಾದ ಗೆರೆ. ಮಾಮೂಲಿ ಗಾಳಿಯಲ್ಲಿ ಒಂದು ರಾತ್ರಿ. ಗ್ರೂಪ್ ಬಿ ಆಗಿದ್ದರೆ ಎರಡು ಗೆರೆ ಸಮೀಪಿಸುವಲ್ಲಿ ಬಾಣದ ಮೊನೆಯಂಥ ತಿಳಿ ಗುರುತು ಮೂಡುತ್ತದೆ.

ರಿಪೋರ್ಟ್

ಹುಡುಗಿಯ ರಿಪೋರ್ಟಿನಲ್ಲಿ 'ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್ ಗ್ರೂಪ್ ಎ, ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಬೆಳೆದಿದೆ' ಎಂದು ಬರೆದೆವು. ಕಾಯಿಲೆ ಇಲ್ಲದೆ ಗಂಟಲಿನಲ್ಲಿ ಇದನ್ನಿಟ್ಟುಕೊಂಡು ಓಡಾಡುವ ಮಕ್ಕಳೂ ಇರುತ್ತಾರೆ, ಆದ್ದರಿಂದ ಔಷಧದ ತೀರ್ಮಾನ ಮಗುವನ್ನು ನೋಡಿದ ವೈದ್ಯರದು. ಮೊದಲ ದಿನವೇ, ಪಿವೈಆರ್ ಆಗುವ ಮುನ್ನ, ವಾರ್ಡಿನಿಂದ ಫೋನ್ ಬಂದಿತ್ತು. ಆಗ ನಾನು ಹೇಳಿದ್ದು ಇಷ್ಟೇ: "ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್ ಬಂದಿದೆ ಡಾಕ್ಟ್ರೇ, ಗ್ರೂಪ್ ನಾಳೆ ಹೇಳ್ತೀನಿ." ಹುಡುಗನ ಪ್ಲೇಟ್ ನೋಡಿದವರಿಗೂ ಮೊದಲ ದಿನ ಇದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳುವಂತಿರಲಿಲ್ಲ.